ಒಂದೇ ಒಲೆ, ನಾಲ್ಕು ಸಂಪಾದನೆ

ಅಣ್ಣ ತಿಂಗಳಿಗೆ 20 ಸಾವಿರ ಕೊಡುತ್ತಾನೆ, ತಮ್ಮ 10 ಸಾವಿರ ಕೊಡುತ್ತಾನೆ, ಅಪ್ಪ ಪಿಂಚಣಿಯಲ್ಲಿ ಕೈಲಾದಷ್ಟು ಹಾಕುತ್ತಾರೆ. ನಮ್ಮ ಕೂಡು ಕುಟುಂಬಗಳಲ್ಲಿ ಮನೆ ಖರ್ಚು ಹೆಚ್ಚಾಗಿ ಹೀಗೇ ನಡೆಯುತ್ತದೆ. ಈ ಮೊತ್ತಗಳನ್ನು ಯಾರು, ಯಾವಾಗ ಗೊತ್ತು ಮಾಡಿದರು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಆಮೇಲೆ ದಿನಸಿ ಬೆಲೆ ಏರಿದೆ, ಅಣ್ಣನ ಸಂಬಳ ಏರಿದೆ, ತಮ್ಮನಿಗೆ ಮಗುವಾಗಿದೆ, ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದಿದೆ. ಮೊತ್ತ ಮಾತ್ರ ಅಂದಿನದೇ.

ಒಬ್ಬರು ಹೆಚ್ಚು ಕೊಡುವುದನ್ನೂ ಇನ್ನೊಬ್ಬರು ಕಡಿಮೆ ಕೊಡುವುದನ್ನೂ ಜನ ಸಹಿಸಿಕೊಳ್ಳುತ್ತಾರೆ. ತಾನು ಕೊಡುವ ಮೊತ್ತ ಎಲ್ಲಿಂದ ಬಂತು, ಅದು ಏನಕ್ಕೆ ಹೋಗುತ್ತದೆ ಎಂದು ತಿಳಿಯದಿರುವುದನ್ನು ಬಹಳ ಕಾಲ ಸಹಿಸುವುದು ಕಷ್ಟ. ಹಾಗಾಗಿ ಒಂದು ಮನೆಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡೋಣ.

ಲೆಕ್ಕಕ್ಕೆಂದೇ ಕಲ್ಪಿಸಿಕೊಂಡ ಮನೆ ಇದು. ದಾವಣಗೆರೆಯಂಥ ಊರಿನಲ್ಲಿ ಅಪ್ಪ ಕಟ್ಟಿಸಿದ ಸ್ವಂತ ಮನೆ. ಒಟ್ಟು ಒಂಬತ್ತು ಜನ: ಅಪ್ಪ, ಅಮ್ಮ, ದೊಡ್ಡ ಮಗ, ದೊಡ್ಡ ಸೊಸೆ, ಅವರ ಇಬ್ಬರು ಮಕ್ಕಳು, ಚಿಕ್ಕ ಮಗ, ಚಿಕ್ಕ ಸೊಸೆ, ಅವರ ಒಂದು ಮಗು. ಅಪ್ಪನಿಗೆ ಪಿಂಚಣಿ 24,000. ದೊಡ್ಡ ಮಗನಿಗೆ ತೆರಿಗೆ, ಪಿಎಫ್ ಕಳೆದು ಕೈಗೆ ಬರುವ ಸಂಬಳ 60,000. ದೊಡ್ಡ ಸೊಸೆಯದು 36,000. ಚಿಕ್ಕ ಮಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಹನ್ನೆರಡು ತಿಂಗಳ ಲಾಭವನ್ನು ಕೂಡಿಸಿ ಭಾಗಿಸಿದರೆ ತಿಂಗಳಿಗೆ 40,000. ಚಿಕ್ಕ ಸೊಸೆ ಮನೆಯಲ್ಲಿದ್ದಾಳೆ. ಒಟ್ಟು ಆದಾಯ 1,60,000.

ಮೊದಲ ಕೆಲಸ, ಯಾವುದು ಎಲ್ಲರ ಖರ್ಚು, ಯಾವುದು ಅವರವರ ಖರ್ಚು ಎಂದು ಗೆರೆ ಎಳೆಯುವುದು. ಅಕ್ಕಿ, ಬೇಳೆ, ಎಣ್ಣೆ ಸೇರಿ ದಿನಸಿಗೆ 16,000, ತರಕಾರಿ, ಹಣ್ಣಿಗೆ 6,500, ಹಾಲು, ಮೊಸರಿಗೆ 4,500, ಅಪ್ಪ ಅಮ್ಮನ ಔಷಧಿಗೆ 3,500, ಮನೆಗೆಲಸದವರಿಗೆ 3,000, ಕರೆಂಟು, ನೀರಿಗೆ 2,700, ಗ್ಯಾಸಿಗೆ 1,800, ಇಂಟರ್ನೆಟ್ಟಿಗೆ 1,000, ಬಂದು ಹೋಗುವವರ ಉಪಚಾರಕ್ಕೆ 1,000. ಇಲ್ಲಿಗೆ 40,000 ಆಯಿತು. ಮಕ್ಕಳ ಊಟ ಎಲ್ಲರ ಲೆಕ್ಕದಲ್ಲಿ ಬರುತ್ತದೆ, ಶಾಲೆಯ ಫೀಸು ಬರುವುದಿಲ್ಲ. ಒಬ್ಬರು ಮಕ್ಕಳನ್ನು 80 ಸಾವಿರ ಫೀಸಿನ ಶಾಲೆಗೆ ಹಾಕುತ್ತಾರೆ, ಇನ್ನೊಬ್ಬರು 20 ಸಾವಿರದ ಶಾಲೆಗೆ ಹಾಕುತ್ತಾರೆ. ಆ ಆಯ್ಕೆ ತಂದೆತಾಯಿಯದು, ಖರ್ಚೂ ಅವರದೇ. ಬಟ್ಟೆ, ಮೊಬೈಲು, ಪೆಟ್ರೋಲು ಕೂಡ ಅವರವರವು.

ಇಷ್ಟಕ್ಕೇ ನಿಲ್ಲಿಸುವ ಮನೆಗಳು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸಿಕ್ಕಿಬೀಳುತ್ತವೆ. ಗೌರಿ–ಗಣೇಶ ಹಬ್ಬ, ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತು, ನೆಂಟರ ಮನೆಯ ಮದುವೆಯ ಮುಯ್ಯಿ, ಇವೆಲ್ಲ ತಿಂಗಳ ಪಟ್ಟಿಯಲ್ಲಿ ಕಾಣದ ಖರ್ಚುಗಳು. ಬಂದಾಗ ಯಾರ ಕೈಯಲ್ಲಿ ಹಣವಿದೆಯೋ ಅವರು ಕೊಡುತ್ತಾರೆ, ಅದು ಹೆಚ್ಚಾಗಿ ಸಂಬಳದವನೇ ಆಗಿರುತ್ತಾನೆ. ನಮ್ಮ ಮನೆಯಲ್ಲಿ ವರ್ಷಕ್ಕೆ ವಿಮೆಗೆ 36,000, ಹಬ್ಬಗಳಿಗೆ 30,000, ಸುಣ್ಣಬಣ್ಣ, ರಿಪೇರಿಗೆ 30,000, ಮುಯ್ಯಿಗೆ 18,000, ಮನೆ ಕಂದಾಯಕ್ಕೆ 6,000 ಎಂದು ಹಿಡಿದರೆ ಒಟ್ಟು 1,20,000. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 10,000 ತೆಗೆದಿಟ್ಟರೆ ಹಬ್ಬದ ತಿಂಗಳೂ ಮಾಮೂಲಿ ತಿಂಗಳಾಗುತ್ತದೆ. ಹೀಗೆ ಮನೆಯ ನಿಜವಾದ ಖರ್ಚು 40,000 ಎಂದು ತೋರಿದರೂ ವಾಸ್ತವದಲ್ಲಿ 50,000.

ಈಗ ಇದನ್ನು ಹಂಚುವುದು. ಮೂರು ದಂಪತಿಗಳು, ಮೂರು ಸಮ ಪಾಲು ಎಂದರೆ ಒಬ್ಬೊಬ್ಬರಿಗೆ 16,667. ಕೇಳಲು ನೇರವಾಗಿದೆ. ಆದರೆ ಅಪ್ಪನ ಪಿಂಚಣಿಯಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಹೋಗುತ್ತದೆ, 96,000 ದುಡಿಯುವ ದೊಡ್ಡ ದಂಪತಿಗೆ ಆರನೇ ಒಂದು ಭಾಗ ಸಾಕಾಗುತ್ತದೆ. ಊಟ ಮಾಡುವ ತಲೆಗಳನ್ನು ಎಣಿಸಿದರೆ ತಲೆಗೆ 5,556 ಬೀಳುತ್ತದೆ. ಆಗ ನಾಲ್ವರಿರುವ ದೊಡ್ಡ ಸಂಸಾರಕ್ಕೆ 22,222, ಮೂವರಿರುವ ಚಿಕ್ಕ ಸಂಸಾರಕ್ಕೆ 16,667, ಅಪ್ಪ ಅಮ್ಮನಿಗೆ 11,111. ಚಿಕ್ಕವನ ದುಡಿಮೆಯಲ್ಲಿ ನೂರಕ್ಕೆ 42, ಅಪ್ಪನದರಲ್ಲಿ 46, ದೊಡ್ಡವರದರಲ್ಲಿ 23. ಕಡಿಮೆ ದುಡಿಯುವವರ ಮೇಲೇ ಭಾರ ಹೆಚ್ಚು.

ಮೂರನೆಯದು ಆದಾಯದ ಪ್ರಮಾಣ. 1,60,000ದಲ್ಲಿ 50,000 ಬೇಕು ಎಂದರೆ ನೂರು ರೂಪಾಯಿಗೆ 31 ರೂಪಾಯಿ 25 ಪೈಸೆ. ಅದೇ ದರ ಎಲ್ಲರಿಗೂ. ಅಪ್ಪ 7,500, ದೊಡ್ಡ ಮಗ 18,750, ದೊಡ್ಡ ಸೊಸೆ 11,250, ಚಿಕ್ಕ ಮಗ 12,500. ಯಾರ ದುಡಿಮೆ ಎಷ್ಟೇ ಇರಲಿ, ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಮನೆಗೆ ಹೋಗುತ್ತದೆ, ಉಳಿದದ್ದು ಅವರದು.

ಇಲ್ಲಿ ದೊಡ್ಡ ಮಗ ಒಂದು ಮಾತು ಕೇಳಬಹುದು, ಅದು ನ್ಯಾಯವಾದ ಮಾತೇ. “ತಲೆ ಲೆಕ್ಕದಲ್ಲಿ ನಮಗೆ 22 ಸಾವಿರ, ಈ ಲೆಕ್ಕದಲ್ಲಿ 30 ಸಾವಿರ. ತಿಂಗಳಿಗೆ ಸುಮಾರು 8 ಸಾವಿರ ನಾವೇಕೆ ಹೆಚ್ಚು ಕೊಡಬೇಕು?” ಇದಕ್ಕೆ ಪ್ರೀತಿ, ಕರ್ತವ್ಯದ ಉತ್ತರ ಕೊಟ್ಟು ಬಾಯಿ ಮುಚ್ಚಿಸಬಾರದು. ಅವನೇ ಒಂದು ಲೆಕ್ಕ ಮಾಡಲಿ. ಅದೇ ಊರಿನಲ್ಲಿ ನಾಲ್ವರಿಗೆ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಅಡುಗೆಗೊಬ್ಬರು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರು, ಇಷ್ಟಕ್ಕೆ ಎಷ್ಟು ಬೇಕು? ಎರಡು ಸಂಬಳ ಈ ಮನೆಗೆ ಬರುತ್ತಿರುವುದಕ್ಕೆ ಹಿಂದೆ ಇನ್ಯಾರದೋ ಕೈ ಕೆಲಸವಿದೆ. ಅಷ್ಟಾದ ಮೇಲೂ ಹೊರೆ ಎನಿಸಿದರೆ, ಮುಂದಿನ ಸಂಬಳ ಏರಿಕೆಯಲ್ಲಿ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ ಎಂಬ ಒಪ್ಪಂದಕ್ಕೆ ಬರಬಹುದು. ಹೆಚ್ಚು ದುಡಿಯುವವನಿಗೆ ಇನ್ನಷ್ಟು ದುಡಿಯುವ ಹುರುಪು ಉಳಿಯಬೇಕು.

ಆದಾಯ ಎಂದರೆ ಯಾವುದು ಎಂಬ ಪ್ರಶ್ನೆಯನ್ನೂ ಇಲ್ಲೇ ಮುಗಿಸಬೇಕು. ತೆರಿಗೆ, ಪಿಎಫ್ ಕಳೆಯಬೇಕು, ಅದು ಕೈಗೆ ಬಾರದ ಹಣ. ದೊಡ್ಡ ಮಗ ಕಾರಿಗೆ ತೆಗೆದ ಸಾಲದ ಕಂತನ್ನು ಕಳೆಯಬಾರದು, ಕಳೆದರೆ ಆ ಕಾರಿನ ಒಂದು ಚಕ್ರವನ್ನು ತಮ್ಮನೂ ಅಪ್ಪನೂ ಕೊಂಡಂತೆ. ಆದರೆ ತಂಗಿಯ ಮದುವೆಗೆ, ಅಪ್ಪನ ಆಪರೇಷನ್ನಿಗೆ ಎಂದು ಒಬ್ಬರ ಹೆಸರಿನಲ್ಲಿ ತೆಗೆದ ಸಾಲವಿದ್ದರೆ ಅದು ಮನೆಯ ಸಾಲ. ಅದರ ಕಂತು ಎಲ್ಲರ ಖರ್ಚಿನ ಪಟ್ಟಿಗೇ ಸೇರಬೇಕು. ದೊಡ್ಡ ಸೊಸೆಯ ಸಂಬಳವನ್ನು ಗಂಡನ ಸಂಬಳದ ಜೊತೆ ಕಲಸಿ “ದೊಡ್ಡವನದು” ಎಂದು ಬರೆಯುವ ಪದ್ಧತಿಯನ್ನೂ ಬಿಡಬೇಕು. ಅವಳು ಕೊಟ್ಟದ್ದು ಅವಳ ಹೆಸರಿನಲ್ಲೇ ಜಮಾ ಆಗಲಿ. ಸ್ತ್ರೀಧನವಂತೂ ಈ ಲೆಕ್ಕದ ಹತ್ತಿರಕ್ಕೂ ಬರುವಂತಿಲ್ಲ. ತವರಿನವರು, ನೆಂಟರು ಕೊಟ್ಟ ಒಡವೆ, ಹಣ ಪೂರ್ತಿಯಾಗಿ ಹೆಂಗಸಿನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇಷ್ಟು ಹೊತ್ತೂ ಒಬ್ಬಳ ಹೆಸರು ಜಮಾ ಕಡೆಗೆ ಬಂದೇ ಇಲ್ಲ. ಚಿಕ್ಕ ಸೊಸೆ ಒಂಬತ್ತು ಜನರ ಅಡುಗೆ ಮಾಡುತ್ತಾಳೆ, ಮೂರು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಾಳೆ, ಅತ್ತೆ ಮಾವನ ಔಷಧಿ ನೋಡಿಕೊಳ್ಳುತ್ತಾಳೆ. ಅವಳ ಜೊತೆ ಅತ್ತೆಯೂ ದುಡಿಯುತ್ತಾರೆ. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಐದು ಗಂಟೆಯ ಕೆಲಸ ಅದು. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಲೇಬೇಕು ಎಂದು ಹೇಳಿತು. ಜೀವ ಹೋದ ಮೇಲೆ ಕೋರ್ಟಿನಲ್ಲಿ ಕಟ್ಟುವ ಬೆಲೆಯನ್ನು ಬದುಕಿರುವಾಗ ಮನೆಯ ಪುಸ್ತಕದಲ್ಲೇ ಕಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಟ್ಟುವುದು ಹೇಗೆ? ಕೆಲವು ಮನೆಗಳಲ್ಲಿ “ಅವನ ಹೆಂಡತಿ ಅಡುಗೆ ಮಾಡುತ್ತಾಳೆ, ಅದಕ್ಕೇ ಅವನಿಗೆ ಕಡಿಮೆ ಹಾಕಿದ್ದೇವೆ” ಎನ್ನುತ್ತಾರೆ. ಕೆಲಸ ಮಾಡಿದವಳು ಅವಳು, ಹಣ ಉಳಿದದ್ದು ಗಂಡನ ಜೇಬಿನಲ್ಲಿ. ಒಂದು ಕುಪ್ಪಸಕ್ಕೂ, ತವರಿಗೆ ಹೋಗುವ ಬಸ್ ಚಾರ್ಜಿಗೂ ಅವಳು ಕೈಚಾಚಬೇಕಾದ ಸ್ಥಿತಿ ಹಾಗೇ ಉಳಿಯುತ್ತದೆ. ಸರಿಯಾದ ದಾರಿ ಎಂದರೆ ಎಲ್ಲರ ಖರ್ಚಿನ ಪಟ್ಟಿಯಲ್ಲೇ ಒಂದು ಸಾಲು ಸೇರಿಸಿ, ಚಿಕ್ಕ ಸೊಸೆಗೆ ತಿಂಗಳಿಗೆ 4,000, ಅಮ್ಮನಿಗೆ 2,000 ಎಂದು ಅವರವರ ಬ್ಯಾಂಕ್ ಖಾತೆಗೇ ಹಾಕುವುದು. ಇದನ್ನು ಕೂಲಿ ಎಂದು ಭಾವಿಸಬೇಕಿಲ್ಲ. ಐದು ಗಂಟೆಯ ಕೆಲಸಕ್ಕೆ ಇದು ಸಮನೂ ಅಲ್ಲ. ಮನೆಯ ಆದಾಯದಲ್ಲಿ ಅವರಿಗೂ ಕೇಳದೆ ಸಿಗುವ ಪಾಲು ಇದು.

ಹಾಗೆ ಮಾಡಿದಾಗ ಒಟ್ಟು 56,000 ಆಗುತ್ತದೆ, ದರ ನೂರಕ್ಕೆ 35 ಆಗುತ್ತದೆ. ಅಪ್ಪ 8,400, ದೊಡ್ಡ ಮಗ 21,000, ದೊಡ್ಡ ಸೊಸೆ 12,600, ಚಿಕ್ಕ ಮಗ 14,000. ಇದೇ ಕೊನೆಯ ಲೆಕ್ಕ ಎಂದಿಟ್ಟುಕೊಳ್ಳೋಣ.

ಅಂಗಡಿಯವನ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು, ಯಾಕೆಂದರೆ ಕೂಡು ಕುಟುಂಬದ ಲೆಕ್ಕ ಹೆಚ್ಚಾಗಿ ಮುರಿದು ಬೀಳುವುದು ಇಲ್ಲಿ. ಸಂಬಳದವನಿಗೆ ಅಂಗಡಿಯ ಗಲ್ಲಾ ಕಾಣುತ್ತದೆ. ದಿನಕ್ಕೆ 15 ಸಾವಿರ ವ್ಯಾಪಾರವಾಗುವಾಗ ತಮ್ಮ 14 ಸಾವಿರ ಕೊಡಲು ಯಾಕೆ ಹಿಂದೆಮುಂದೆ ನೋಡುತ್ತಾನೆ ಎನಿಸುತ್ತದೆ. ಆ 15 ಸಾವಿರದಲ್ಲಿ ಬಹುಪಾಲು ಪೈಪು, ಮೊಳೆ, ಪೇಂಟು ಕೊಟ್ಟ ಸಗಟು ವ್ಯಾಪಾರಿಗೆ ಸೇರಬೇಕಾದದ್ದು. ಅತ್ತ ತಮ್ಮನೂ ಮನೆಗೆ ಬರುವಾಗ ಗಲ್ಲಾದಿಂದಲೇ ತೆಗೆದು ಹಣ್ಣು, ತರಕಾರಿ ತರುತ್ತಾನೆ, ಎಲ್ಲಿಯೂ ಬರೆಯುವುದಿಲ್ಲ. ವರ್ಷದ ಕೊನೆಗೆ ಅಂಗಡಿಯಲ್ಲಿ ಬಂಡವಾಳ ಕರಗಿರುತ್ತದೆ, ಮನೆಯಲ್ಲಿ ಅವನು ಕೊಟ್ಟದ್ದು ಯಾರಿಗೂ ಕಂಡಿರುವುದಿಲ್ಲ. ಅವನು ತನಗೊಂದು ಸಂಬಳ ಗೊತ್ತು ಮಾಡಿಕೊಂಡು ತಿಂಗಳಿಗೊಮ್ಮೆ ಅಂಗಡಿಯ ಖಾತೆಯಿಂದ ಸ್ವಂತ ಖಾತೆಗೆ ಹಾಕಿಕೊಂಡು, ಅಲ್ಲಿಂದ ಮನೆಗೆ ಕೊಟ್ಟರೆ ಈ ಎರಡೂ ತಪ್ಪುತ್ತವೆ.

ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಧಾನವಾಗಿ ಅವನಿಗೆ ಜುಲೈನಲ್ಲಿ 22,000 ಮಾತ್ರ ಉಳಿಯಿತು ಎನ್ನೋಣ. 14,000 ಕೊಟ್ಟರೆ ಮಗುವಿನ ಫೀಸಿಗೆ ಕಷ್ಟ. ಅವನು 8,000 ಕೊಡಲಿ, ಉಳಿದ 6,000 ಮನೆಯ ಕಾಯ್ದಿಟ್ಟ ಹಣದಿಂದ ಬರಲಿ, “ಚಿಕ್ಕವನ ಬಾಕಿ 6,000” ಎಂದು ಪುಸ್ತಕದಲ್ಲಿ ಬರೆಯಲಿ. ದೀಪಾವಳಿಯ ನಂತರ ಎರಡು ತಿಂಗಳು ಮೂರು ಮೂರು ಸಾವಿರ ಹೆಚ್ಚು ಹಾಕಿ ತೀರಿಸಲಿ. ಬರೆದದ್ದರಿಂದ ಅವನ ಮರ್ಯಾದೆ ಕಡಿಮೆಯಾಗುವುದಿಲ್ಲ. ಬರೆಯದೆ ಬಿಟ್ಟರೆ ಆ ಆರು ಸಾವಿರ ಬೇರೆಯವರ ಬಾಯಲ್ಲಿ ವರ್ಷಗಳ ನಂತರ ಇಪ್ಪತ್ತು ಸಾವಿರವಾಗುತ್ತದೆ. ಈ ಕಾಯ್ದಿಟ್ಟ ಹಣ ಬೇಕೆಂದರೆ ಮೊದಲ ಹತ್ತು ತಿಂಗಳು ಎಲ್ಲರೂ ತಮ್ಮ ಪಾಲಿನ ಮೇಲೆ ನೂರಕ್ಕೆ ಹತ್ತು ಹೆಚ್ಚು ಹಾಕಿದರೆ ಸಾಕು, ಒಂದು ತಿಂಗಳ ಮನೆ ಖರ್ಚು ಕೂಡಿಬರುತ್ತದೆ.

ಪುಸ್ತಕ ಎಂದೆನಲ್ಲ, ಅದಕ್ಕೆ ದೊಡ್ಡ ಏರ್ಪಾಡು ಬೇಡ. ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಒಂದು ಜಂಟಿ ಖಾತೆ. ತಿಂಗಳ 5ರಂದು ಎಲ್ಲರ ಪಾಲು ಅದಕ್ಕೆ ಬರುತ್ತದೆ, ದಿನಸಿ, ಹಾಲು, ಕರೆಂಟಿನ ಹಣ ಅದರಿಂದಲೇ ಹೋಗುತ್ತದೆ. ಅಡುಗೆಮನೆಯಲ್ಲಿ ಎಲ್ಲರ ಕೈಗೆ ಸಿಗುವಂತೆ ಒಂದು ಜಮಾ–ಖರ್ಚಿನ ಪುಸ್ತಕ. ಖರ್ಚು ಮಾಡುವವರೇ ಲೆಕ್ಕ ಬರೆಯುವವರೂ ಆಗದಿದ್ದರೆ ಒಳ್ಳೆಯದು. ಇದರಲ್ಲಿ ಒಂದು ಅಂಕಣ ತಪ್ಪದೆ ಇರಬೇಕು: “ಕೈಯಿಂದ ಹಾಕಿದ್ದು”. ದೊಡ್ಡ ಮಗ ಸಂಜೆ ಬರುವಾಗ 600 ರೂಪಾಯಿಯ ಹಣ್ಣು ತಂದರೆ ಅಲ್ಲಿ ಬರೆಯಬೇಕು, ತಿಂಗಳ ಕೊನೆಗೆ ಅವನ ಪಾಲಿನಲ್ಲಿ ಕಳೆಯಬೇಕು. ಬರೆಯದಿದ್ದರೆ ಅದು ಉಡುಗೊರೆ, ಮುಂದೆಂದೂ ಎತ್ತುವಂತಿಲ್ಲ. “ನಾನು ಎಷ್ಟೆಲ್ಲ ತಂದು ಹಾಕಿದ್ದೇನೆ” ಎಂಬ ಮಾತಿಗೆ ಈ ಒಂದು ನಿಯಮ ಕಡಿವಾಣ ಹಾಕುತ್ತದೆ.

ಊರಿನ ಗದ್ದೆಯಿಂದ ಅಕ್ಕಿ ಬರುವ ಮನೆಗಳಲ್ಲಿ ಇನ್ನೊಂದು ಗೊಂದಲ. ಹತ್ತು ಕ್ವಿಂಟಲ್ ಭತ್ತ ಮಿಲ್ಲಿಗೆ ಹೋದರೆ ಸುಮಾರು ಆರೂವರೆ ಕ್ವಿಂಟಲ್ ಅಕ್ಕಿ ಬರುತ್ತದೆ. ಗದ್ದೆ ಎಲ್ಲರದಾಗಿದ್ದು, ಬೀಜ, ಗೊಬ್ಬರದ ಹಣವೂ ಎಲ್ಲರದಾಗಿದ್ದರೆ ಆ ಅಕ್ಕಿ ಯಾರೊಬ್ಬರ ವಂತಿಗೆಯೂ ಆಗುವುದಿಲ್ಲ, ದಿನಸಿಯ ಖರ್ಚು ಅಷ್ಟು ಇಳಿಯುತ್ತದೆ. ಒಬ್ಬನೇ ಓಡಾಡಿ, ಕೈಯಿಂದ ಹಾಕಿ ಬೆಳೆದಿದ್ದರೆ ಹಾಕಿದ ಹಣವೂ ಓಡಾಟದ ದಿನಗಳೂ ಅವನ ಹೆಸರಿನಲ್ಲಿ ಜಮಾ ಆಗಬೇಕು.

ಕರೆಂಟಿನ ಬಗ್ಗೆ ಒಂದು ಮಾತು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿ ಇರುವುದು ಮೀಟರಿಗೆ, ತಲೆಗೆ ಅಲ್ಲ. ಒಂಬತ್ತು ಜನರ ಮನೆ ಒಂದೇ ಮೀಟರಿನಲ್ಲಿ ಆ ಗಡಿ ದಾಟುವುದು ಸುಲಭ, ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಒಬ್ಬರ ಕೋಣೆಯ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ ಇನ್ನೂರರ ಆಸುಪಾಸು ಯೂನಿಟ್ ಅದಕ್ಕೇ ಹೋಗುತ್ತದೆ. ಆ ಕೋಣೆಗೆ ಒಂದು ಒಳ ಮೀಟರು ಹಾಕಿಸಿ, ಬಿಲ್ಲಿನಲ್ಲಿ ಏರಿದ್ದನ್ನು ಆ ಕೋಣೆಯವರೇ ಕೊಡುವುದು ಸರಿ.

ತಿಂಗಳ ಖರ್ಚಿನಲ್ಲಿ ಆಗುವ ಮನಸ್ತಾಪ ಹೇಗೋ ತಿಳಿಯಾಗುತ್ತದೆ. ಅಣ್ಣ ತಮ್ಮಂದಿರನ್ನು ಕೋರ್ಟಿಗೆ ಒಯ್ಯುವುದು ಬೇರೆಯೇ ಒಂದು ಖರ್ಚು: ಮನೆಗೆ ಹಾಕಿದ ಬಂಡವಾಳ. ಮಹಡಿಯ ಮೇಲೆ ಎರಡು ಕೋಣೆ ಕಟ್ಟಲು ದೊಡ್ಡ ಮಗ 6 ಲಕ್ಷ ಹಾಕಿದ ಎಂದುಕೊಳ್ಳಿ. ಮನೆ ಅಪ್ಪನ ಹೆಸರಿನಲ್ಲಿದೆ. ಹಣ ಹಾಕಿದ ಮಾತ್ರಕ್ಕೆ ಮಹಡಿ ಅವನದಾಗುವುದಿಲ್ಲ. ಅಪ್ಪನ ಸ್ವಯಾರ್ಜಿತ ಮನೆಯನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಬರೆಯದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೆ, ಗಂಡು ಮಕ್ಕಳಿಗೆ, ಮದುವೆಯಾಗಿ ಹೋದ ಹೆಣ್ಣು ಮಕ್ಕಳಿಗೆ ಸಮ ಪಾಲು. ಆ ಆರು ಲಕ್ಷದ ಮಹಡಿಯೂ ಅದರಲ್ಲಿ ಸೇರಿಹೋಗುತ್ತದೆ. ಹದಿನೈದು ವರ್ಷದ ನಂತರ ದೊಡ್ಡ ಮಗ ಹಣದ ಮಾತೆತ್ತಿದರೆ “ಅಲ್ಲಿ ಇದ್ದವರು ನೀವೇ ತಾನೆ” ಎಂಬ ಉತ್ತರ ಬರುತ್ತದೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ, ಕಾಗದ ಮಾತ್ರ ಇಲ್ಲ.

ಹಣ ಹಾಕುವ ದಿನವೇ ಇದು ಯಾವ ಹಣ ಎಂದು ಎಲ್ಲರೂ ಕೂತು ತೀರ್ಮಾನಿಸಬೇಕು. ಅಪ್ಪನಿಗೆ ಮಗ ಕೊಟ್ಟದ್ದು ಎಂದಾದರೆ ಹಾಗೇ ಬರೆದು ಮರೆಯಬೇಕು. ಸಾಲ ಎಂದಾದರೆ ಬ್ಯಾಂಕಿನ ಮೂಲಕವೇ ಕೊಡಬೇಕು. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಮೊತ್ತ, ತೀರಿಸುವ ಬಗೆ ಬರೆದು ಸಹಿ ಹಾಕಿಸಬೇಕು. ಇಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಅಂಶವಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಸಾಲ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ. ಆ ಮೂರು ವರ್ಷ ಮುಗಿಯುವ ಮೊದಲು “ಇಷ್ಟು ಬಾಕಿ ಇದೆ” ಎಂದು ಸಾಲ ಪಡೆದವರು ಮತ್ತೆ ಬರೆದು ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಇನ್ನು, ಮಹಡಿಯಲ್ಲೇ ಹಕ್ಕು ಬೇಕು ಎಂದಾದರೆ ಪುಸ್ತಕದ ಬರಹವಾಗಲಿ ಬಿಳಿ ಹಾಳೆಯ ಸಹಿಯಾಗಲಿ ಸಾಲದು, ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾಗಬೇಕು. ಫ್ರಿಜ್ಜು, ಇನ್ವರ್ಟರಿನಂಥ ಸಾಮಾನುಗಳಿಗೆ ಇಷ್ಟೆಲ್ಲ ಬೇಡ. ಯಾರು ಎಷ್ಟು ಹಾಕಿದರು ಎಂದು ಪುಸ್ತಕದ ಹಿಂದಿನ ಹಾಳೆಗಳಲ್ಲಿ ತಾರೀಕಿನ ಸಮೇತ ಬರೆದರೆ ಸಾಕು.

ಲೆಕ್ಕ ಹದಗೆಡುತ್ತಿದೆ ಎಂದು ಪುಸ್ತಕಕ್ಕಿಂತ ಮೊದಲು ಮನೆಯೇ ಹೇಳುತ್ತದೆ. ಮಕ್ಕಳ ಬಿಸ್ಕತ್ತು, ತುಪ್ಪದ ಡಬ್ಬಿ ಅಡುಗೆಮನೆಯಿಂದ ಮಲಗುವ ಕೋಣೆಯ ಬೀರುವಿಗೆ ಹೋಗುತ್ತದೆ. ಹಬ್ಬದ ಬಟ್ಟೆ ಎಲ್ಲ ಮಕ್ಕಳಿಗೂ ಒಂದೇ ದಿನ ಬರುವುದು ನಿಲ್ಲುತ್ತದೆ. ಅಮ್ಮ ಗ್ಯಾಸ್ ಬುಕ್ ಮಾಡಲು ಯಾರನ್ನು ಕೇಳಲಿ ಎಂದು ಅಳೆದು ನೋಡುತ್ತಾರೆ. ಇಂಥದ್ದು ಕಂಡಾಗ ಹೆಂಗಸರ ಮೇಲೆ ಹೊರಿಸದೆ ದರವನ್ನು ಮತ್ತೆ ಲೆಕ್ಕ ಹಾಕಬೇಕು. ಹೇಗೂ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ವರ್ಷಕ್ಕೆ ಎರಡು ಸಲ, ಆದಾಯ ಮತ್ತು ಖರ್ಚು ಎರಡನ್ನೂ ಹೊಸದಾಗಿ ಹಿಡಿದು ಪಾಲು ಬದಲಿಸುವುದು ಒಳ್ಳೆಯದು. ಹೆರಿಗೆಯ ನಂತರ ಒಬ್ಬಳ ಸಂಬಳ ನಿಂತಿರಬಹುದು, ಅಪ್ಪನ ತುಟ್ಟಿಭತ್ಯೆ ಏರಿರಬಹುದು.

ಕೊನೆಗೆ, ಒಂದು ಸಂಸಾರ ಬೇರೆ ಊರಿಗೆ ಹೋಗಬೇಕಾದಾಗ. ದೊಡ್ಡ ಮಗನಿಗೆ ಬೆಂಗಳೂರಿಗೆ ವರ್ಗವಾಯಿತು ಎನ್ನಿ. ಹೋದವರು ಪೂರ್ತಿ ನಿಲ್ಲಿಸುವುದೂ ಕಷ್ಟ, ಮೊದಲಿನಷ್ಟೇ ಕೊಡುವುದೂ ಕಷ್ಟ. ಆಗ 56,000ದ ಪಟ್ಟಿಯನ್ನು ಮತ್ತೆ ತೆರೆದು, ಊಟಕ್ಕೆ ಸೇರಿದ್ದು ಯಾವುದು, ಅಪ್ಪ ಅಮ್ಮನಿಗೂ ಮನೆಗೂ ಸೇರಿದ್ದು ಯಾವುದು ಎಂದು ಬೇರೆ ಮಾಡಬೇಕು. ಔಷಧಿ 3,500, ವಿಮೆ 3,000, ರಿಪೇರಿ 2,500, ಕಂದಾಯ 500, ಹಿರಿಯರನ್ನು ನೋಡಿಕೊಳ್ಳುವ ಚಿಕ್ಕ ಸೊಸೆಯ 4,000, ಒಟ್ಟು 13,500. ಇದರಲ್ಲಿ ದೊಡ್ಡ ದಂಪತಿಯ ಪಾಲು ನೂರಕ್ಕೆ 60, ಅಂದರೆ 8,100. ದಿನಸಿ, ಹಾಲು, ಗ್ಯಾಸಿನ ಪಾಲು ಅವರಿಗೆ ಇನ್ನಿಲ್ಲ. ಬೆಂಗಳೂರಿನ ಬಾಡಿಗೆ ಎಷ್ಟು, ಅಲ್ಲಿ ದೊಡ್ಡ ಸೊಸೆಗೆ ಕೆಲಸ ಸಿಕ್ಕಿತೇ ಎಂದು ತಿಳಿದ ಮೇಲೆ ಮುಂದಿನ ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಆ 60 ಬದಲಾಗಬಹುದು. ಅಲ್ಲಿಯವರೆಗೆ ತಿಂಗಳ 5ರಂದು 8,100 ಅದೇ ಜಂಟಿ ಖಾತೆಗೆ ಬರುತ್ತದೆ, ಯಾವ ಬಾಬತ್ತಿಗೆ ಎಷ್ಟು ಎಂದು ಪುಸ್ತಕದಲ್ಲಿ ಐದು ಸಾಲಾಗಿ ಬರೆದಿರುತ್ತದೆ.